‘ಹಸುಗಳು ಮೇಯುತ್ತದೆ’ ಎಂದು ಬರೆಯುವ ಮಕ್ಕಳಿಗೆ ಪಾಠ ಮಾಡುವ ಬಗೆ

ನಾಲ್ಕನೇ ತರಗತಿಯ ಮಕ್ಕಳ ನೋಟ್‌ಬುಕ್ ತಿದ್ದುವ ಯಾರಿಗಾದರೂ ಈ ವಾಕ್ಯಗಳು ಗೊತ್ತಿರುತ್ತವೆ. ‘ಹಕ್ಕಿಗಳು ಹಾರುತ್ತದೆ.’ ‘ಎಲೆಗಳು ಉದುರಿತು.’ ‘ನಮ್ಮ ಮನೆಯಲ್ಲಿ ಮೂರು ಮೇಕೆ ಇದೆ.’ ಕೆಂಪು ಪೆನ್ನಿನಲ್ಲಿ ‘ವೆ’ ಎಂದು ತಿದ್ದಿ ಕೊಡುತ್ತೇವೆ. ಮುಂದಿನ ವಾರ ಮತ್ತೆ ಅದೇ.

ಮಕ್ಕಳದು ತಪ್ಪು ಅನ್ನುವುದಕ್ಕೂ ಆಗುವುದಿಲ್ಲ. ನಮ್ಮ ಮೈಸೂರು ಸೀಮೆಯ ಮಾತಿನಲ್ಲಿ ‘ಹಕ್ಕಿಗಳು ಹಾರ್ತಾ ಇದೆ’ ಎಂದೇ ಹೇಳುವುದು. ನಾನೂ ಮನೆಯಲ್ಲಿ ಹಾಗೇ ಮಾತಾಡುತ್ತೇನೆ. ಮನುಷ್ಯರ ವಿಷಯಕ್ಕೆ ಬಂದರೆ ಯಾವ ಮಗುವೂ ‘ಹುಡುಗರು ಆಡುತ್ತಾನೆ’ ಎಂದು ಬರೆಯುವುದಿಲ್ಲ, ಏಕೆಂದರೆ ಆ ವ್ಯತ್ಯಾಸ ಮಾತಿನಲ್ಲೇ ಇದೆ. ಪ್ರಾಣಿ, ವಸ್ತುಗಳ ಬಹುವಚನ ಮಾತ್ರ ಬರಹದಲ್ಲಿ ಉಳಿದುಕೊಂಡು ನಮ್ಮ ಬಾಯಿಂದ ಜಾರಿದೆ. ಧಾರವಾಡದ ಕಡೆ ‘ದನಾ ಬಂದಾವು’ ಅನ್ನುತ್ತಾರೆ. ಅಲ್ಲಿನ ಮಕ್ಕಳಿಗೆ ಈ ಪಾಠ ಇಷ್ಟು ಕಷ್ಟವಾಗಲಾರದು.

ಹಾಗಾಗಿ ಇಲ್ಲಿ ಕಿವಿಯನ್ನು ನಂಬಿ ಬರೆಯಲು ಆಗದು. ಮಗು ಬರೆಯುವಾಗ ಒಂದು ಕ್ಷಣ ನಿಂತು ಯೋಚಿಸಬೇಕು. ಆ ಯೋಚನೆಯನ್ನು ಮೊದಲು ಶಿಕ್ಷಕರು ಮಾಡಿ ತೋರಿಸುವುದು, ಆಮೇಲೆ ಜೊತೆಗೆ ಮಾಡಿಸುವುದು, ಕೊನೆಗೆ ಪೂರ್ತಿ ಮಗುವಿಗೇ ಬಿಟ್ಟುಕೊಡುವುದು ಈ ಪಾಠದ ಕ್ರಮ. ತರಬೇತಿಗಳಲ್ಲಿ ಇದನ್ನು ‘ಗ್ರ್ಯಾಜುಯಲ್ ರಿಲೀಸ್’ ಅನ್ನುತ್ತಾರೆ. 1983ರಲ್ಲಿ ಅಮೆರಿಕದ ಪಿಯರ್ಸನ್ ಮತ್ತು ಗ್ಯಾಲಗರ್ ಓದಿ ಅರ್ಥಮಾಡಿಕೊಳ್ಳುವುದನ್ನು ಕಲಿಸುವ ಬಗ್ಗೆ ಬರೆಯುತ್ತಾ ಈ ಮಾತು ಬಳಸಿದರು. ಹೆಸರು ಕೇಳಿ ಗಾಬರಿ ಬೇಡ. ನಲಿ-ಕಲಿ ಮಾಡಿದವರಿಗೆ ಇದು ಹೊಸದೇನಲ್ಲ. ಪೂರ್ತಿ ಶಿಕ್ಷಕರ ಬೆಂಬಲದ ಗುಂಪು, ಭಾಗಶಃ ಬೆಂಬಲದ ಗುಂಪು, ಸಹಪಾಠಿಗಳ ಬೆಂಬಲ, ಕೊನೆಗೆ ಸ್ವಕಲಿಕೆ ಎಂದು ಮಕ್ಕಳನ್ನು ಕೂರಿಸುತ್ತಿದ್ದೆವಲ್ಲ, ಅದೇ ಏರ್ಪಾಡು. ಮೂರನೇ ತರಗತಿ ದಾಟಿದ ಕೂಡಲೇ ನಾವು ಅದನ್ನು ಮರೆತು ‘ನಿಯಮ ಬರೆದುಕೊಳ್ಳಿ, ಅಭ್ಯಾಸ ಮಾಡಿ’ ಎಂಬಲ್ಲಿಗೆ ಜಿಗಿಯುತ್ತೇವೆ ಅಷ್ಟೆ.

ಮಾಡಿ ತೋರಿಸುವುದು

ಮೊದಲ ಹತ್ತು ನಿಮಿಷ ಮಕ್ಕಳು ಏನೂ ಬರೆಯುವುದಿಲ್ಲ, ಉತ್ತರವನ್ನೂ ಹೇಳುವುದಿಲ್ಲ. ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ: ‘ಈಗ ನಾನು ಯೋಚನೆ ಮಾಡೋದನ್ನ ಜೋರಾಗಿ ಮಾಡ್ತೀನಿ, ನೀವು ಕೇಳಿಸಿಕೊಳ್ಳಿ.’ ಬೋರ್ಡಿನ ಮೇಲೆ ‘ಹಸುಗಳು ಹುಲ್ಲು ಮೇಯುತ್ತ’ ಎಂದು ಬರೆದು ಕೈ ನಿಲ್ಲಿಸುತ್ತೇನೆ.

‘ಈಗ ದೆ ಬರೀಲಾ, ವೆ ಬರೀಲಾ? ಸುಮ್ನೆ ಊಹೆ ಮಾಡಲ್ಲ. ಮೊದಲು ಕೇಳ್ಕೋತೀನಿ, ಮೇಯೋದು ಯಾವುದು? ಹುಲ್ಲಾ? ಅಲ್ಲ, ಹುಲ್ಲು ಮೇಯಲ್ಲ. ಹಸುಗಳು. ಈಗ ಎರಡನೇ ಪ್ರಶ್ನೆ, ಒಂದೇನಾ, ಜಾಸ್ತಿನಾ? ಜಾಸ್ತಿ. ಹಾಗಾದ್ರೆ ವೆ.’

ಎರಡೇ ಪ್ರಶ್ನೆ. ಯಾವುದು? ಒಂದೇನಾ, ಜಾಸ್ತಿನಾ? ಇವನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ. ಏಕವಚನ, ಬಹುವಚನ, ಕರ್ತೃಪದ ಎಂಬ ಹೆಸರುಗಳು ಪಾಠದ ಕೊನೆಗೆ ಬರಲಿ. ಆ ಹೆಸರು ಬೇಡ ಅಂತಲ್ಲ, ಹೆಸರು ಬಾಯಿಪಾಠವಾದ ಮಗು ಕೂಡ ‘ಎಲೆಗಳು ಉದುರಿತು’ ಎಂದೇ ಬರೆಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ‘ಗಳು ಇದ್ದರೆ ವೆ’ ಎಂಬ ಸುಲಭದ ಸೂತ್ರ ಹೇಳಿಕೊಡುವ ಆಸೆ ಎಲ್ಲರಿಗೂ ಆಗುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲರ ಉತ್ತರವೂ ಸರಿ ಬರುತ್ತದೆ, ನಮಗೂ ಖುಷಿ. ಆದರೆ ಕನ್ನಡದಲ್ಲಿ ಸಂಖ್ಯೆ ಇದ್ದಾಗ ‘ಗಳು’ ಬೇಕಾಗಿಯೇ ಇಲ್ಲ. ‘ಎರಡು ಹಸು ಮೇಯುತ್ತಿವೆ’ ಎನ್ನುತ್ತೇವೆ. ಸೂತ್ರ ನಂಬಿದ ಮಗು ಇಲ್ಲಿ ‘ಮೇಯುತ್ತಿದೆ’ ಬರೆಯುತ್ತದೆ. ಇನ್ನೊಂದು ಕಡೆಯಿಂದಲೂ ಏಟು ಬೀಳುತ್ತದೆ: ನೆರಳು, ಬೆರಳು, ಮರಳು. ಇವೆಲ್ಲ ‘ಳು’ ಎಂದು ಮುಗಿಯುವುದರಿಂದ ‘ಮರದ ನೆರಳು ಬೀಳುತ್ತವೆ’ ಎಂದು ಬರೆದುಕೊಂಡು ಬರುತ್ತಾರೆ. ಆದ್ದರಿಂದ ತೋರಿಸುವ ಮೂರು ವಾಕ್ಯಗಳಲ್ಲಿ ಎರಡನೆಯದು ‘ಎರಡು ಹಸು’, ಮೂರನೆಯದು ‘ನೆರಳು’. ಮೊದಲ ದಿನವೇ ಪದದ ಬಾಲ ನೋಡುವುದನ್ನು ಬಿಡಿಸಿ ಎಣಿಸುವುದಕ್ಕೆ ಹಚ್ಚಬೇಕು.

ಜೊತೆಗೆ ಮಾಡುವುದು

ಪಾಠ ಕೆಡುವುದೆಲ್ಲ ಇಲ್ಲಿಯೇ. ನಮ್ಮ ತರಗತಿಗಳಲ್ಲಿ ‘ಜೊತೆಗೆ ಮಾಡೋಣ’ ಎಂದರೆ ಒಕ್ಕೊರಲಿನ ಉತ್ತರ ಎಂದಾಗಿದೆ. ‘ವೇ... ಮಿಸ್!’ ಎಂದು ಇಡೀ ತರಗತಿ ಕೂಗುತ್ತದೆ. ನಿಜಕ್ಕೂ ಯೋಚಿಸಿದ್ದು ಮುಂದಿನ ಸಾಲಿನ ನಾಲ್ಕೈದು ಮಕ್ಕಳು, ಉಳಿದವರು ಅರೆ ಕ್ಷಣ ತಡವಾಗಿ ದನಿ ಸೇರಿಸಿದ್ದಾರೆ. ದನಿಯಿಂದ ನನಗೆ ಏನೂ ಗೊತ್ತಾಗುವುದಿಲ್ಲ.

ಅದಕ್ಕೇ ಸ್ಲೇಟು. ವಾಕ್ಯ ಓದುತ್ತೇನೆ, ಮನಸ್ಸಿನಲ್ಲೇ ಐದು ಎಣಿಸುತ್ತೇನೆ, ಎಲ್ಲರೂ ದೆ ಅಥವಾ ವೆ ಬರೆದು ಒಟ್ಟಿಗೆ ಎತ್ತಬೇಕು. ಯಾರು ಪಕ್ಕದವರ ಸ್ಲೇಟು ನೋಡಿದರು ಎಂಬುದೂ ಕಾಣುತ್ತದೆ. ಆಮೇಲೆ ಸರಿ ಬರೆದವರನ್ನೇ ಕೇಳುತ್ತೇನೆ, ‘ಯಾವುದು ಅಂತ ಹೇಗೆ ಗೊತ್ತಾಯ್ತು?’ ಸರಿ ಉತ್ತರಕ್ಕೂ ಕಾರಣ ಕೇಳಿದರೆ ತಪ್ಪು ಬರೆದವರಿಗೆ ‘ನನ್ನನ್ನೇ ಯಾಕೆ ಕೇಳ್ತಾರೆ’ ಎಂಬ ಅಳುಕು ಇರುವುದಿಲ್ಲ.

ಈ ಹಂತದಲ್ಲಿ ಸಹಾಯವನ್ನು ಒಂದೇ ಸಲ ತೆಗೆಯಬಾರದು. ಕೆರೆಗಿಳಿಸಿ ಈಜು ಕಲಿಸುವವರು ಕೈಯನ್ನು ಹೊಟ್ಟೆಯ ಕೆಳಗಿಂದ ಮೆಲ್ಲಗೆ ಸರಿಸುವ ಹಾಗೆ, ಒಂದು ಸುತ್ತಿಗೆ ಒಂದೇ ಆಸರೆ ತೆಗೆಯುತ್ತೇನೆ. ಮೊದಲ ಸುತ್ತಿನಲ್ಲಿ ‘ಯಾವುದು’ ಎಂಬ ಪದಕ್ಕೆ ನಾನೇ ಗೆರೆ ಎಳೆದಿರುತ್ತೇನೆ, ಮಗು ಒಂದೇನಾ ಜಾಸ್ತಿನಾ ಎಂದಷ್ಟೇ ನೋಡಬೇಕು. ಎರಡನೇ ಸುತ್ತಿನಲ್ಲಿ ಗೆರೆ ಇಲ್ಲ, ಅದನ್ನು ಹುಡುಕುವ ಕೆಲಸ ಮಗುವಿನದು. ಮೂರನೆಯದರಲ್ಲಿ ದೆ, ವೆ ಎಂಬ ಆಯ್ಕೆಯೂ ಇಲ್ಲ, ‘ಹಾರು’ ಎಂದಷ್ಟೇ ಕೊಟ್ಟು ಪೂರ್ತಿ ಕ್ರಿಯಾಪದ ಬರೆಸುತ್ತೇನೆ. ಆಮೇಲೆ ಬೋರ್ಡಿನ ಮೂಲೆಯ ಎರಡು ಪ್ರಶ್ನೆಗಳನ್ನೂ ಅಳಿಸುತ್ತೇನೆ.

ಎಷ್ಟು ಬೇಗ ಮುಂದೆ ಹೋಗಬೇಕು ಎಂಬುದನ್ನು ಸ್ಲೇಟುಗಳೇ ಹೇಳುತ್ತವೆ. ಒಂದಿಬ್ಬರನ್ನು ಬಿಟ್ಟು ಎಲ್ಲರದೂ ಸರಿಯಿದ್ದರೆ ಮುಂದಿನ ಸುತ್ತು. ಮೂರನೇ ಒಂದು ಪಾಲು ತಪ್ಪಿದ್ದರೆ ಅದೇ ಸುತ್ತಿನಲ್ಲಿ ಇನ್ನೆರಡು ವಾಕ್ಯ ಮಾಡಿಸಿ ಪ್ರಯೋಜನವಿಲ್ಲ, ಸೀಮೆಸುಣ್ಣ ಮತ್ತೆ ನನ್ನ ಕೈಗೆ ಬರಬೇಕು, ಮತ್ತೊಂದು ವಾಕ್ಯವನ್ನು ಜೋರಾಗಿ ಯೋಚಿಸಿ ತೋರಿಸಬೇಕು. ಪಾಠ ಯೋಜನೆಯಲ್ಲಿ ಈ ಹಿಂದೆ ಹೋಗುವುದಕ್ಕೆ ಕಾಲಂ ಇರುವುದಿಲ್ಲ. ಆದರೂ ಹೋಗಬೇಕು.

ನನ್ನ ಅನುಭವದಲ್ಲಿ ಎಲ್ಲರೂ ಎಡವುವುದು ಎರಡನೇ ಸುತ್ತಿನಲ್ಲಿ. ಒಬ್ಬ ಹುಡುಗ ‘ಕೆರೆಯ ಮೀನುಗಳು ನೀರಿನಲ್ಲಿ ಈಜುತ್ತದೆ’ ಎಂದು ಬರೆದಿದ್ದ.

‘ಈಜೋದು ಯಾವುದಪ್ಪ?’ ಎಂದೆ.

‘ಕೆರೆ ಮಿಸ್.’

ಪಕ್ಕದವಳು ಕಿಸಕ್ಕನೆ ನಕ್ಕಳು. ಅವನೂ ನಕ್ಕ. ‘ಅಯ್ಯೋ, ಮೀನು, ಮೀನುಗಳು’ ಎಂದು ತಾನೇ ಒರೆಸಿ ಬರೆದ.

ಅವನಿಗೆ ಗೊತ್ತಿಲ್ಲದ್ದು ವೆ ಪ್ರತ್ಯಯವಲ್ಲ. ವಾಕ್ಯದಲ್ಲಿ ಮೊದಲು ಬರುವ ಪದವೇ ಕೆಲಸ ಮಾಡುವ ಪದ ಎಂದು ಹಿಡಿದಿದ್ದ. ಇನ್ನು ಕೆಲವು ಮಕ್ಕಳು ಕ್ರಿಯಾಪದದ ಪಕ್ಕದ ಪದವನ್ನು ಹಿಡಿಯುತ್ತಾರೆ, ಇಲ್ಲಾದರೆ ‘ನೀರು’. ಇಂಥವರಿಗೆ ದೆ-ವೆ ಬಿಟ್ಟ ಸ್ಥಳ ತುಂಬಿಸಿ ಎಷ್ಟು ಕೊಟ್ಟರೂ ಅಷ್ಟೆ. ‘ಯಾವುದು’ ಎಂಬುದಕ್ಕೆ ಗೆರೆ ಎಳೆಯುವ ಕೆಲಸವನ್ನೇ ಪ್ರತ್ಯೇಕವಾಗಿ, ಜೋಡಿಯಲ್ಲಿ ಕೂತು ಮಾಡಿಸಬೇಕು. ಒಬ್ಬರು ‘ಯಾವುದು?’ ಎಂದು ಕೇಳುವುದು, ಇನ್ನೊಬ್ಬರು ಬೆರಳಿಟ್ಟು ತೋರಿಸುವುದು. ನನ್ನ ಪ್ರಶ್ನೆ ಮಕ್ಕಳ ಬಾಯಿಗೆ ಬಂದರೆ ಕೆಲಸದ ದೊಡ್ಡ ಪಾಲು ಅವರ ಕೈಗೆ ದಾಟಿದ ಹಾಗೆ.

ಬಿಟ್ಟುಕೊಡುವುದು

ನಲವತ್ತು ನಿಮಿಷದ ಅವಧಿಯಲ್ಲಿ ಇದು ಬಹಳ ಸಲ ಮರುದಿನಕ್ಕೇ ಬರುತ್ತದೆ. ಬರಲಿ. ಸ್ವಂತ ಕೆಲಸಕ್ಕೆ ಆರು ವಾಕ್ಯ ಸಾಕು, ಆದರೆ ಅವು ಬೋರ್ಡಿನ ಮೇಲೆ ಮಾಡಿದ ವಾಕ್ಯಗಳ ನಕಲು ಆಗಿರಬಾರದು. ಎರಡರಲ್ಲಿ ಒಂದೇ ವಸ್ತು ಇರಲಿ. ಒಂದರಲ್ಲಿ ‘ನಾಲ್ಕು ಕೋಳಿ’ ಇರಲಿ. ಒಂದರಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ದೂರ ಇರಲಿ: ‘ಕೊಕ್ಕರೆಗಳು ಬೆಳಿಗ್ಗೆ ಬೇಗ ಗದ್ದೆಯ ಕಡೆಗೆ...’ ಎಲ್ಲದಕ್ಕೂ ವೆ ಬರುವ ಪಟ್ಟಿ ಕೊಟ್ಟರೆ ಮಗು ಮೂರನೇ ವಾಕ್ಯಕ್ಕೆ ಯೋಚನೆ ನಿಲ್ಲಿಸುತ್ತದೆ. ಒಂದು ವಾಕ್ಯ ಮನುಷ್ಯರದು ಕೂಡ ಇರಬೇಕು, ಏಕೆಂದರೆ ವೆ ಹೊಸದಾಗಿ ಕಲಿತವರು ಅದನ್ನು ಎಲ್ಲೆಡೆ ಅಂಟಿಸಲು ಶುರುಮಾಡುತ್ತಾರೆ. ‘ರೈತರು ಉಳುತ್ತವೆ’ ಎಂದು ಬಂದರೆ ಬೇಜಾರು ಬೇಡ, ನಿಯಮ ತಲೆಗೆ ಹೋಗಿದೆ, ಎಲ್ಲೆ ಇನ್ನೂ ಗೊತ್ತಾಗಿಲ್ಲ ಎಂದರ್ಥ. (‘ಮಕ್ಕಳು ಆಡುತ್ತಿವೆ’ ಎಂಬುದನ್ನು ಈ ಪಟ್ಟಿಗೆ ಹಾಕಬೇಡಿ. ಸಣ್ಣ ಮಕ್ಕಳ ಬಗ್ಗೆ ಹಿರಿಯರು ಹಾಗೆ ಹೇಳುವುದುಂಟು. ತಿದ್ದಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತೀರಿ.)

ಮಕ್ಕಳು ಬರೆಯಲು ಕೂತ ಮೊದಲ ಐದು ನಿಮಿಷ ನಾನು ಯಾರಿಗೂ ಹೇಳಿಕೊಡುವುದಿಲ್ಲ. ಇದು ನನಗೇ ಕಷ್ಟದ ಭಾಗ. ಸಾಲುಗಳ ನಡುವೆ ನಡೆಯುತ್ತೇನೆ, ಬಗ್ಗಿ ನೋಡುತ್ತೇನೆ, ಬಾಯಿ ತೆರೆಯುವುದಿಲ್ಲ. ‘ಸರಿನಾ ಮಿಸ್?’ ಎಂದು ಕೇಳಿದರೆ ‘ಏನು ಪ್ರಶ್ನೆ ಕೇಳ್ಕೊಂಡೆ?’ ಎಂದಷ್ಟೇ ಹೇಳುತ್ತೇನೆ. ಆಮೇಲೆ ಎಡವುತ್ತಿರುವ ಮೂರ್ನಾಲ್ಕು ಮಕ್ಕಳನ್ನು ಬೋರ್ಡಿನ ಹತ್ತಿರ ಕೂರಿಸಿ ಅವರಿಗೆ ಬೇಕಾದ ಸುತ್ತಿನಿಂದ ಮತ್ತೆ ಶುರು. ಎಲ್ಲರಿಗೂ ಮೊದಲಿನಿಂದ ಬೇಕಾಗಿರುವುದಿಲ್ಲ, ಕೆಲವರಿಗೆ ಗೆರೆ ಎಳೆದುಕೊಟ್ಟರೆ ಸಾಕು.

ಭೂತಕಾಲವನ್ನು ಇದೇ ಪಾಠಕ್ಕೆ ಸೇರಿಸಬೇಡಿ. ಇದೆ-ಇವೆ, ಆಮೇಲೆ ಉತ್ತದೆ-ಉತ್ತವೆ, ಅದು ಗಟ್ಟಿಯಾದ ಮೇಲೆ ಹಾರಿತು-ಹಾರಿದವು. ಅಲ್ಲಿ ಯೋಚನೆ ಅದೇ ಎರಡು ಪ್ರಶ್ನೆ, ಆದರೆ ರೂಪಗಳು ತರಲೆ: ಬಂತು-ಬಂದವು, ಹೋಯಿತು-ಹೋದವು, ಬಿದ್ದಿತು-ಬಿದ್ದವು. ರೂಪದ ಕಷ್ಟ, ಯೋಚನೆಯ ಕಷ್ಟ ಎರಡೂ ಒಟ್ಟಿಗೆ ಬಂದರೆ ಮಗು ಯಾವುದರಲ್ಲಿ ಸೋತಿತು ಎಂದು ನಮಗೇ ತಿಳಿಯುವುದಿಲ್ಲ.

ಆರಕ್ಕೆ ಆರು ಸರಿ ಬಂದ ಮಗು ಒಂದು ವಾರದ ಮೇಲೆ ‘ನಮ್ಮ ಊರಿನ ಸಂತೆ’ ಬರೆಯುವಾಗ ‘ಅಂಗಡಿಗಳು ಇದೆ’ ಎಂದೇ ಬರೆಯುತ್ತದೆ. ವಿಷಯ, ಕಾಗುಣಿತ, ಅಕ್ಷರ ಎಲ್ಲದರ ಮೇಲೆ ಗಮನ ಹಂಚಿಹೋದಾಗ ಹಳೆಯ ಮಾತಿನ ರೂಢಿ ಮೇಲೆ ಬರುತ್ತದೆ. ಹಾಗಾಗಿ ನಾನು ಬರೆಯುವಾಗ ವ್ಯಾಕರಣ ನೆನಪಿಸುವುದಿಲ್ಲ. ಬರೆದು ಮುಗಿಸಿದ ಮೇಲೆ ಐದು ನಿಮಿಷ ಕೊಡುತ್ತೇನೆ. ಪ್ರತಿ ವಾಕ್ಯದ ಕೊನೆಯ ಪದದಿಂದ ಅದರ ‘ಯಾವುದು’ ಕಡೆಗೆ ಪೆನ್ಸಿಲ್ಲಿನಲ್ಲಿ ಒಂದು ಬಾಣ ಎಳೆಯಬೇಕು, ಹೊಂದದಿದ್ದರೆ ತಾವೇ ತಿದ್ದಬೇಕು. ಬಾಣ ಸರಿ ಇದ್ದು ಪ್ರತ್ಯಯ ತಪ್ಪಿದ್ದರೆ ಅಭ್ಯಾಸ ಸಾಲದು. ಬಾಣವೇ ‘ಕೆರೆ’ಯ ಕಡೆಗೆ ಹೋಗಿದ್ದರೆ ಆ ಮಗುವಿಗೆ ಮತ್ತೆ ಎರಡನೇ ಸುತ್ತು.