ಎರಡೂ ಕಾಗದದಲ್ಲಿ ಕಪ್ಪು ಎಡಕ್ಕೇ ಇತ್ತು

"ಡಾಕ್ಟ್ರೇ, ಎರಡೂ ಕಣ್ಣಿನ ಎಡ ಅರ್ಧ ಕಪ್ಪಾಗಿರುವ ಫೀಲ್ಡ್ ಚಿತ್ರ ಕೊಟ್ಟು ಪೆಟ್ಟು ಎಲ್ಲಿ ಅಂತ ಕೇಳ್ತಾರೆ. ಆಯ್ಕೆಯಲ್ಲಿ ಆಪ್ಟಿಕ್ ಟ್ರ್ಯಾಕ್ಟೂ ಇರ್ತದೆ, ಆಕ್ಸಿಪಿಟಲ್ ಕಾರ್ಟೆಕ್ಸೂ ಇರ್ತದೆ. ಎರಡಕ್ಕೂ ಅದೇ ಚಿತ್ರ ಅಲ್ವಾ, ಮತ್ತೆ ಹೇಗೆ ಹೇಳೋದು?"

ಬರೀ ಆ ಚಿತ್ರದಿಂದ ಹೇಳಲು ಆಗುವುದಿಲ್ಲ. ಅರ್ಧ ಪೂರ್ತಿ ಹೋಗಿದ್ದರೆ ಅದು ಹೇಳುವುದು ಇಷ್ಟೇ: ಪೆಟ್ಟು ಬಲಗಡೆ ಇದೆ, ಕಯಾಸ್ಮದ ಹಿಂದೆ ಎಲ್ಲೋ ಇದೆ. ಉಳಿದದ್ದನ್ನು ಟಾರ್ಚ್ ಹೇಳಬೇಕು. ಪ್ರಶ್ನೆ ಸರಿಯಾಗಿ ಬರೆದವರು ಪಾಪೆಯ ಬಗ್ಗೆ ಒಂದು ಸಾಲು ಎಲ್ಲಾದರೂ ಸೇರಿಸಿರುತ್ತಾರೆ, ನಮ್ಮ ಮಕ್ಕಳು ಅದನ್ನು ಬಿಟ್ಟು ಚಿತ್ರವನ್ನೇ ದಿಟ್ಟಿಸುತ್ತಾರೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಬದಿಯಡ್ಕ ಕಡೆಯ ಅಡಿಕೆ ತೋಟದವರೊಬ್ಬರು ಬಂದಿದ್ದರು. ಅರವತ್ತರ ಹತ್ತಿರದ ವಯಸ್ಸು, ಬಿಪಿ ಮಾತ್ರೆ ಮನಸ್ಸು ಬಂದ ದಿನ ತಿನ್ನುವವರು. "ಎಡದ ಕಣ್ಣು ಹೋಯ್ತು ಮಾರಾಯ್ರೆ" ಎಂದರು. ಹಿಂದಿನ ವಾರದಿಂದ ಗೇಟಿನ ಕಂಬಕ್ಕೆ ಎಡ ಭುಜ ಎರಡು ಸಲ ಬಡಿದಿತ್ತಂತೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೇ ನಡೆದು ಹೆಂಡತಿಯ ಹತ್ತಿರ ಬೈಸಿಕೊಂಡಿದ್ದರು. ನಾನು ಓದಿಸಿ ನೋಡಿದರೆ ಎರಡೂ ಕಣ್ಣು 6/6. ಎಡಗಣ್ಣು ಮುಚ್ಚಿಸಿ, ಎದುರು ಕೂತು, ನನ್ನ ಮೂಗನ್ನೇ ನೋಡಿ ಅಂತ ಹೇಳಿ ಬೆರಳು ತೋರಿಸಿದೆ. ಬಲಗಣ್ಣಿಗೂ ಎಡಗಡೆಯ ಬೆರಳು ಕಾಣಲಿಲ್ಲ. ಅವರಿಗೇ ಆಶ್ಚರ್ಯ. "ಈ ಕಣ್ಣು ಒಳ್ಳೆದುಂಟಲ್ಲ?"

ಕಣ್ಣು ಒಳ್ಳೆಯದೇ ಇತ್ತು, ಎಡಗಣ್ಣೂ ಕೂಡ. ಎಡಗಡೆಯ ಲೋಕ ಹೋದಾಗ ಜನ ಅದನ್ನು ಎಡಗಣ್ಣು ಹೋಯಿತು ಅಂತಲೇ ಹೇಳುವುದು. ಏಕೆಂದರೆ ಹೊರಗಿನ ಎಡಭಾಗದ ಜಾಸ್ತಿ ಪಾಲು ಎಡಗಣ್ಣಿನದ್ದೇ, ಬಲಗಣ್ಣಿನದ್ದಕ್ಕೆ ಮೂಗು ಅಡ್ಡ. ಪ್ರಶ್ನೆಯಲ್ಲಿ ರೋಗಿ ಹೇಳಿದ ಮಾತು ಹಾಗೇ ಬರುತ್ತದೆ, ಓದಿದವರು ಆಪ್ಟಿಕ್ ನರ್ವ್ ಅಂತ ಗುರುತು ಹಾಕಿ ಬರುತ್ತಾರೆ. ಒಂದೊಂದೇ ಕಣ್ಣು ಮುಚ್ಚಿ ನೋಡುವ ತನಕ ಯಾವುದನ್ನೂ ನಂಬಬೇಡಿ.

ಹಂಫ್ರಿ ಮೆಷಿನ್ನಿನಲ್ಲಿ 24-2 ಮಾಡಿಸಿದೆವು. ಎರಡೂ ಕಾಗದದಲ್ಲಿ ಎಡ ಅರ್ಧ ಕಪ್ಪು, ನಡುಗೆರೆಗೆ ಬಂದು ಕತ್ತರಿಸಿದ ಹಾಗೆ ನಿಂತಿದೆ. ನಟ್ಟನಡುವಿನ ಪಕ್ಕದಲ್ಲಿ ಮಾತ್ರ ಎಡಕ್ಕೆ ಒಂದೆರಡು ಚುಕ್ಕೆ ಉಳಿದಿವೆ. ಜತೆಗಿದ್ದ ಹುಡುಗ, ನಮ್ಮ ನೆರೆಮನೆಯವನೇ, ಪರೀಕ್ಷೆಗೆ ಓದುತ್ತಿರುವವನು, ಅವರು ತಂದಿದ್ದ ಸಿ.ಟಿ. ಫಿಲ್ಮನ್ನು ಪಕ್ಕದಲ್ಲಿ ಹಿಡಿದ. ಅದರಲ್ಲೂ ಹಿಂದುಗಡೆ ಕಪ್ಪು ಮಚ್ಚೆ ಎಡಕ್ಕೇ ಇತ್ತು. "ಎಡ ಆಕ್ಸಿಪಿಟಲ್" ಎಂದ, ತಡವೇ ಮಾಡಲಿಲ್ಲ.

ಇಲ್ಲಿಯೇ ಎಲ್ಲರೂ ಬೀಳುವುದು. ಫೀಲ್ಡ್ ಕಾಗದವನ್ನು ರೋಗಿಯ ಕಣ್ಣಿನಿಂದ ನೋಡಿದ ಹಾಗೆ ಅಚ್ಚು ಹಾಕುತ್ತಾರೆ, ಅದರ ಎಡ ಅವರ ಎಡವೇ. ಸ್ಕ್ಯಾನ್ ಫಿಲ್ಮ್ ಹಾಗಲ್ಲ, ಮಲಗಿದವರ ಕಾಲ ಬುಡದಿಂದ ನಾವು ನೋಡಿದ ಹಾಗೆ. ಅದರ ಎಡ ಅಂದರೆ ರೋಗಿಯ ಬಲ. ಹಾಗಾಗಿ ಬಲ ಮಿದುಳಿನ ಪೆಟ್ಟೂ ಅದರಿಂದ ಹೋದ ಎಡ ಕ್ಷೇತ್ರವೂ ಎರಡು ಕಾಗದದಲ್ಲಿ ಒಂದೇ ಬದಿಗೆ ಬಂದು ಕೂರುತ್ತವೆ. ಫೀಲ್ಡ್ ಕಾಗದ ಯಾವ ಕಣ್ಣಿನದ್ದು ಅಂತ ಗೊಂದಲವಾದರೆ ಬ್ಲೈಂಡ್ ಸ್ಪಾಟ್ ಹುಡುಕಿ. ಅದು ನಡುವಿನಿಂದ ಸುಮಾರು 15 ಡಿಗ್ರಿ ಕಿವಿಯ ಬದಿಗೆ ಇರುತ್ತದೆ. ಇವರ ಬಲಗಣ್ಣಿನ ಕಾಗದದಲ್ಲಿ ಅದು ಬಲಕ್ಕೆ ಚೆನ್ನಾಗಿ ಕಾಣುತ್ತಿತ್ತು. ಎಡಗಣ್ಣಿನದ್ದು ಕಪ್ಪಿನೊಳಗೇ ಮುಳುಗಿತ್ತು.

ಈಗ ಟಾರ್ಚ್. ಕೋಣೆ ಸ್ವಲ್ಪ ಕತ್ತಲೆ ಮಾಡಿ, ದೂರದ ಗೋಡೆ ನೋಡಲು ಹೇಳಿ, ಒಂದು ಕಣ್ಣಿಗೆ ಎರಡು ಮೂರು ಸೆಕೆಂಡ್ ಬೆಳಕು ಹಿಡಿದು ಪಟ್ಟನೆ ಇನ್ನೊಂದಕ್ಕೆ ದಾಟಿಸಬೇಕು. ಇವರಲ್ಲಿ ಎರಡೂ ಪಾಪೆ ಸಮಾನವಾಗಿ ಸಣ್ಣಗಾಗಿ ಹಾಗೇ ನಿಂತವು. ಪೆಟ್ಟು ಬಲ ಟ್ರ್ಯಾಕ್ಟಿನಲ್ಲಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಬೆಳಕು ಎಡಗಣ್ಣಿಗೆ ದಾಟಿದ ಕೂಡಲೇ ಪಾಪೆಗಳು ಸ್ವಲ್ಪ ಅಗಲವಾಗುತ್ತಿದ್ದವು, ಅಂದರೆ ಎಡಗಣ್ಣಿನಲ್ಲಿ ಆರ್‌ಎಪಿಡಿ.

ಬಲಗಡೆ ಪೆಟ್ಟಾದರೆ ಎಡಗಣ್ಣಲ್ಲಿ ಯಾಕೆ ಅಂತ ಕೇಳುತ್ತೀರಿ. ಕಯಾಸ್ಮದಲ್ಲಿ ದಾಟುವ ತಂತುಗಳೂ ದಾಟದವೂ ಸರಿ ಅರ್ಧರ್ಧ ಅಲ್ಲ. ದಾಟುವವು ಸ್ವಲ್ಪ ಜಾಸ್ತಿ, ಸುಮಾರು 53ಕ್ಕೆ 47 ಅಂತ ಲೆಕ್ಕ. ಬಲ ಟ್ರ್ಯಾಕ್ಟಿನಲ್ಲಿ ಹೋಗುವುದು ಬಲಗಣ್ಣಿನ ದಾಟದ ತಂತುಗಳು ಮತ್ತು ಎಡಗಣ್ಣಿನಿಂದ ದಾಟಿ ಬಂದವು. ಅದು ಕಡಿದರೆ ಎಡಗಣ್ಣಿಗೆ ನಷ್ಟ ಜಾಸ್ತಿ. ಪಾಪೆಗೆ ಸುದ್ದಿ ಒಯ್ಯುವ ತಂತುಗಳು ಜೆನಿಕ್ಯುಲೇಟ್ ತಲುಪುವ ಮೊದಲೇ ಟ್ರ್ಯಾಕ್ಟಿನಿಂದ ಕವಲೊಡೆದು ಮಿಡ್‌ಬ್ರೈನಿನ ಪ್ರಿಟೆಕ್ಟಮ್ಮಿಗೆ ಹೋಗುತ್ತವೆ. ಅಲ್ಲಿಂದ ಹಿಂದೆ ರೇಡಿಯೇಶನ್ನಿನಲ್ಲಿ ಆಗಲಿ ಕಾರ್ಟೆಕ್ಸಿನಲ್ಲಿ ಆಗಲಿ ಏನೇ ಆದರೂ ಪಾಪೆಗೆ ಗೊತ್ತೇ ಆಗುವುದಿಲ್ಲ. ತಿಂಗಳುಗಳು ಕಳೆದರೆ ಟ್ರ್ಯಾಕ್ಟ್ ಪೆಟ್ಟಿಗೆ ಡಿಸ್ಕ್ ಕೂಡ ಬಿಳಿಚುತ್ತದೆ, ಎಡಗಣ್ಣಿನಲ್ಲಿ ಅಡ್ಡಪಟ್ಟಿಯ ಹಾಗೆ.

ಆದರೆ ಟ್ರ್ಯಾಕ್ಟಿನ ಆರ್‌ಎಪಿಡಿ ತುಂಬಾ ಸಣ್ಣದು. ಆತುರದಲ್ಲಿ ಟಾರ್ಚ್ ಬೀಸಿದರೆ ತಪ್ಪಿಹೋಗುತ್ತದೆ. ಒಂದು ಕಣ್ಣಿಗೆ ಮಾತ್ರ ಗ್ಲಾಕೋಮ ಜಾಸ್ತಿ ಇದ್ದರೆ ಅದೂ ಆರ್‌ಎಪಿಡಿ ಕೊಡುತ್ತದೆ, ಆಗ ಈ ಲೆಕ್ಕ ಕೆಡುತ್ತದೆ.

ಎರಡು ಕಣ್ಣಿನ ಕಪ್ಪು ಒಂದರ ಮೇಲೊಂದು ಇಟ್ಟರೆ ಸರಿಹೊಂದುವುದಕ್ಕೆ ಕಾಂಗ್ರುಯಸ್ ಅನ್ನುತ್ತಾರೆ. ಹಿಂದೆ ಹೋದಷ್ಟೂ ಹೆಚ್ಚು ಹೊಂದುತ್ತದೆ ಅಂತ ಬಾಯಿಪಾಠ ಮಾಡಿಸುತ್ತಾರೆ. ನಿಜ, ಆದರೆ ಅರ್ಧದಲ್ಲಿ ಸ್ವಲ್ಪ ಭಾಗ ಉಳಿದಿದ್ದರೆ ಮಾತ್ರ. ಪೂರ್ತಿ ಹೋದ ಅರ್ಧ ಯಾವಾಗಲೂ ಹೊಂದಿಯೇ ಹೊಂದುತ್ತದೆ, ಅದಕ್ಕೆ ಬೆಲೆ ಇಲ್ಲ. ಮೇಲಿನ ಕಾಲುಭಾಗ ಮಾತ್ರ ಹೋದರೆ ಟೆಂಪೊರಲ್ ಲೋಬಿನ ಮೇಯರ್ಸ್ ಲೂಪ್, ಕೆಳಗಿನದ್ದಾದರೆ ಪೆರೈಟಲ್ ಅನ್ನುವುದು ನಿಮಗೆ ಗೊತ್ತೇ ಇದೆ.

ನಡುವೆ ಉಳಿದ ಆ ಚುಕ್ಕೆಗಳಿಗೆ ಬರೋಣ. ಆಕ್ಸಿಪಿಟಲ್ ಲೋಬಿನ ತುದಿಯಲ್ಲಿ ಮ್ಯಾಕ್ಯುಲದ ಜಾಗ ಇದೆ, ಅದಕ್ಕೆ ಹಲವರಲ್ಲಿ ಎರಡು ಕಡೆಯಿಂದ ರಕ್ತ: ಪೋಸ್ಟೀರಿಯರ್ ಸೆರೆಬ್ರಲ್, ಜತೆಗೆ ಮಿಡಲ್ ಸೆರೆಬ್ರಲ್‌ನ ಕವಲು. ಇವರಿಗೆ ಕಟ್ಟಿಕೊಂಡದ್ದು ಮೊದಲನೆಯದು, ತುದಿಯನ್ನು ಎರಡನೆಯದು ಕಾಪಾಡಿತು. ಆದರೆ ಸುಳ್ಳು ಉಳಿಕೆಯೂ ಇದೆ. ಕಣ್ಣು ನಡುವಿನ ದೀಪ ಬಿಟ್ಟು ಆಚೀಚೆ ಹೋದರೂ ಕಾಗದದಲ್ಲಿ ನಡು ಉಳಿದ ಹಾಗೇ ಕಾಣುತ್ತದೆ. ಅದಕ್ಕೆ ಮೊದಲು ಕಾಗದದ ಮೇಲ್ಗಡೆ ಫಿಕ್ಸೇಶನ್ ಎಷ್ಟು ಸಲ ತಪ್ಪಿದೆ ನೋಡಿ. ಇವರದ್ದು ಒಮ್ಮೆ ಮಾತ್ರ ತಪ್ಪಿತ್ತು.

ಬಲ ಆಕ್ಸಿಪಿಟಲ್ ಸ್ಟ್ರೋಕ್, ನ್ಯೂರಾಲಜಿಗೆ ಕಳಿಸಿದೆ, ಸ್ಕೂಟರ್ ಬಿಡಿಸಿದೆ. ಕೆಲವು ತಿಂಗಳ ನಂತರ ಬಂದಾಗ ಪೇಪರ್ ಓದುವ ಕಷ್ಟ ಹೇಳಿದರು. ಸಾಲು ಮುಗಿದು ಎಡಕ್ಕೆ ತಿರುಗಿದರೆ ಮುಂದಿನ ಸಾಲಿನ ಶುರು ಸಿಗುವುದಿಲ್ಲ, ಅದೇ ಸಾಲನ್ನು ಎರಡು ಸಲ ಓದುತ್ತೇನೆ ಎಂದರು. ಕನ್ನಡಕ್ಕೂ ಮಲಯಾಳಕ್ಕೂ ಇದೇ ಪಾಡು. ಅರಬಿ ಓದುವವರಿಗಾದರೆ ಎಡಕ್ಕೆ ಮುಂದೆ ಬರುವ ಪದವೇ ಮರೆಯಾಗುತ್ತದೆ, ಅವರಿಗೆ ತೊಂದರೆ ಇನ್ನೂ ಬೇರೆ ತರ. ಇವರು ಈಗ ಎಡಗೈ ಹೆಬ್ಬೆರಳನ್ನು ಸಾಲಿನ ಶುರುವಿನಲ್ಲಿ ಊರಿಟ್ಟು, ಸಾಲು ಮುಗಿದಾಗ ಬೆರಳು ಕಾಣುವ ತನಕ ಕಣ್ಣು ಎಡಕ್ಕೆ ಎಳೆಯುತ್ತಾರೆ. ಬೆರಳಿಗೆ ಶಾಯಿ ಅಂಟುತ್ತದೆ, ಅದೊಂದೇ ಈಗ ಅವರ ದೂರು.