ಸೋಯಾ ಕೊಟ್ಟ ಏಟು

ನಿನ್ನೆ ರಾತ್ರಿ ಡಯಟ್ ಲೆಕ್ಕ ಹಾಕಿದ್ರೆ ಪ್ರೋಟೀನ್ 118 ಗ್ರಾಂ, ಕ್ಯಾಲೊರಿ 1650 ಬಂತು, ಮುದ್ದೆ ಸಾರು ತಿನ್ನೋ ನಂಗೆ ಇಷ್ಟೊಂದು ಪ್ರೋಟೀನ್ ಎಲ್ಲಿಂದ ಬಂತಪ್ಪಾ ಅಂತ ಡೌಟ್ ಬಂದು ಒಂದೊಂದೇ ಪ್ಯಾಕೆಟ್ ತೆಗೆದು ಚೆಕ್ ಮಾಡ್ತಾ ಕೂತೆ. ಸೋಯಾ ಚಂಕ್ಸ್ ಲೇಬಲ್‌ನಲ್ಲಿ 100 ಗ್ರಾಂಗೆ ಪ್ರೋಟೀನ್ 52, ಕಾರ್ಬ್ 33, ಫ್ಯಾಟ್ ಅರ್ಧ ಗ್ರಾಂ. ಒಂದು ಗ್ರಾಂ ಪ್ರೋಟೀನ್ ಅಥವಾ ಕಾರ್ಬ್‌ಗೆ 4 ಕ್ಯಾಲೊರಿ, ಫ್ಯಾಟ್‌ಗೆ 9 ಹಾಕಿ ಗುಣಿಸಿದ್ರೆ 344.5, ಪ್ಯಾಕೆಟ್ ಮೇಲೆ 345. ಸರಿಯಾಗೇ ಇದೆ! ಹಂಗಾದ್ರೆ ತಪ್ಪೆಲ್ಲಿ ಅಂತ ನೋಡಿದ್ರೆ ನಾನು ತೂಕಕ್ಕೆ ಹಾಕಿದ್ದು ನೆನೆಸಿ ಹಿಂಡಿದ ಸೋಯಾ, 150 ಗ್ರಾಂ, ಅದಕ್ಕೆ 78 ಗ್ರಾಂ ಪ್ರೋಟೀನ್ ಅಂತ ಬರ್ಕೊಂಡಿದೀನಿ. ಲೇಬಲ್ ಇರೋದು ಒಣ ಸೋಯಾಗೆ. ಬೆಳಿಗ್ಗೆ 50 ಗ್ರಾಂ ಒಣದ್ದು ತೂಗಿ ನೆನೆಸಿ ಹಿಂಡಿ ನೋಡಿದೆ, ಕರೆಕ್ಟಾಗಿ 150ರ ಹತ್ರ ಬಂತು, ಉಳಿದಿದ್ದೆಲ್ಲಾ ಬರೀ ನೀರು ಮಾರಾಯ್ರೇ. ಅಲ್ಲಿಗೆ ಪ್ರೋಟೀನ್ 26 ಅಷ್ಟೇ, ದಿನದ ಟೋಟಲ್ 66ಕ್ಕೆ ಇಳೀತು, ಕ್ಯಾಲೊರಿಲೂ 345 ಹೋಯ್ತು. ತಮಾಷೆ ಅಂದ್ರೆ ಆ 4-4-9 ಲೆಕ್ಕದಲ್ಲಿ ಈ ತಪ್ಪು ಸಿಗೋದೇ ಇಲ್ಲ, ಎಲ್ಲಾ ಒಟ್ಟಿಗೆ ಮೂರು ಪಟ್ಟು ಆಗಿರುತ್ತಲ್ಲ. ಎರಡು ವಾರದಿಂದ ಯಾಕಿಷ್ಟು ಹಸಿವು ಅಂತ ಈಗ ಗೊತ್ತಾಯ್ತು. ಅನ್ನದ ಲೆಕ್ಕನೂ ಹಿಂಗೇ ಬರ್ದಿದೀನಾ ಅಂತ ಭಯ, ಇವತ್ತು ಸಂಜೆ ನೋಡ್ಬೇಕು.