ರಾತ್ರಿ ಪಾಳಿಯ ಹಾಜರಿ ಯಾವ ದಿನದ್ದು?

ಮಂಗಳೂರಿನ ಒಂದು ಕಂಪನಿಯ ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಇಂಟರ್‌ವ್ಯೂ ಮುಗಿದಿತ್ತು. ಆಫರ್ ಲೆಟರ್‌ಗೆ ಮೊದಲು ರಿಕ್ರೂಟರ್ ಫೋನ್ ಮಾಡಿ, "ರೊಟೇಶನಲ್ ಶಿಫ್ಟ್, ವಾರಕ್ಕೆ ಮೂರು ದಿನ ಆಫೀಸ್. ಓಕೆ ಅಲ್ವಾ?" ಅಂದರು. ನಮ್ಮ ಮನೆ ಕಾಪುವಿನಲ್ಲಿ. ಅಷ್ಟಕ್ಕೇ ಹೂಂ ಅನ್ನಲು ಮನಸ್ಸಾಗಲಿಲ್ಲ.

"ನೈಟ್ ಎಷ್ಟರಿಂದ ಎಷ್ಟು ಮೇಡಂ?"

"ಸಂಜೆ 6:30ರಿಂದ 3:30."

ಕ್ಲೈಂಟ್ ನ್ಯೂಯಾರ್ಕಿನವರು. ಅಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ಸಂಜೆ 6:30 ಹೌದು, ಆದರೆ ಅದು ಅವರ ಬೇಸಿಗೆಯ ಲೆಕ್ಕ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಮಾರ್ಚ್ ಎರಡನೇ ಭಾನುವಾರದವರೆಗೆ ನಮ್ಮ ಪಾಳಿ 7:30ಕ್ಕೆ ಶುರುವಾಗಿ ಬೆಳಗಿನ ಜಾವ 4:30ಕ್ಕೆ ಮುಗಿಯಬೇಕು. ಕೇಳಿದಾಗ ಮೇಡಂ ಕೂಡ ಹೌದೆಂದರು. ನೈಟ್ ತಿಂಗಳಿಗೊಮ್ಮೆ ಬದಲಾಗುತ್ತದಂತೆ. ವಾರಕ್ಕೊಮ್ಮೆ ಅಲ್ಲದ್ದು ನನಗೆ ಸಮಾಧಾನ ತಂದಿತು, ನಿದ್ದೆ ಒಂದು ಹದಕ್ಕೆ ಬರಲಿಕ್ಕೇ ಕೆಲವು ದಿನ ಬೇಕು.

ಆಮೇಲೆ ಹಾಜರಿ. ಇದನ್ನು ಯಾರೂ ಕೇಳುವುದಿಲ್ಲ, ತೊಂದರೆ ಬರುವುದು ಮಾತ್ರ ಇಲ್ಲೇ. ಸೋಮವಾರ ಸಂಜೆ 7:30ಕ್ಕೆ ಕಾರ್ಡ್ ಸ್ವೈಪ್ ಮಾಡಿ ಒಳಗೆ ಹೋದೆ, ಮಂಗಳವಾರ 4:30ಕ್ಕೆ ಹೊರಬಂದೆ ಅಂದುಕೊಳ್ಳಿ. ಸಿಸ್ಟಮ್ ತಾರೀಕು ನೋಡಿ ಎಣಿಸಿದರೆ ಸೋಮವಾರ ನಾಲ್ಕೂವರೆ ಗಂಟೆ, ಮಂಗಳವಾರ ನಾಲ್ಕೂವರೆ ಗಂಟೆ. ಎರಡೂ ಅರ್ಧ ದಿನ! ಆಫೀಸಿಗೆ ಬಂದ ದಿನವಾಗಿ ಒಂದೂ ಸೇರುವುದಿಲ್ಲ. ಮೇಡಂ ಒಂದು ಕ್ಷಣ ಸುಮ್ಮನಾಗಿ, "ಕೇಳಿ ಹೇಳ್ತೇನೆ" ಅಂದರು. ಸಂಜೆ ಅವರೇ ಫೋನ್ ಮಾಡಿದರು: ಒಳಗೆ ಬಂದ ತಾರೀಕೇ ಲೆಕ್ಕ, ಆದರೆ ಟೀಮ್ ಲೀಡ್ ರೋಸ್ಟರನ್ನು ಸಿಸ್ಟಮ್‌ಗೆ ಮೊದಲೇ ಹಾಕಿರಬೇಕು, ಹಾಕದಿದ್ದರೆ ಹಾಜರಿ ಸರಿಪಡಿಸಿ ಎಂದು ರೆಗ್ಯುಲರೈಸೇಶನ್‌ಗೆ ನಾವೇ ಅರ್ಜಿ ಕೊಡಬೇಕು. ಪಾಳಿ ಬದಲಾಗುವ ವಾರ ರೋಸ್ಟರ್ ನೋಡಿಕೊಳ್ಳಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಕ್ಯಾಬ್ ಉಂಟು ಅಂದಿದ್ದರು. ಎಷ್ಟು ದೂರದವರೆಗೆ ಎಂದು ಕೇಳಿದ ಮೇಲೆ ಉತ್ತರ ಬಂತು: 25 ಕಿಲೋಮೀಟರ್. ಕಾಪು ಅದರಾಚೆ, ಸುರತ್ಕಲ್ ಒಳಗೆ. "ಮಿತಿ ಮುಗಿಯುವಲ್ಲಿ ಇಳಿಸ್ತಾರೆ" ಅಂದಾಗ ನಾನು ಒಪ್ಪಲಿಲ್ಲ. ಬೆಳಗಿನ ಜಾವ ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾಯುವುದು ಡ್ರಾಪ್ ಅಲ್ಲ. "ಮನೆ ಬಾಗಿಲಿಗಾದರೆ ಮಾತ್ರ ಮೇಡಂ. ಸುರತ್ಕಲ್‌ನಲ್ಲಿ ಚಿಕ್ಕಮ್ಮನ ಮನೆ ಇದೆ, ನೈಟ್ ಇರುವ ತಿಂಗಳು ಅಲ್ಲಿರ್ತೇನೆ. ಆ ವಿಳಾಸ ಹಾಕಿ ಮೇಲ್ ಮಾಡಿ."

ಮರುದಿನ ಮೇಲ್ ಬಂತು. ಪಾಳಿಯ ಎರಡೂ ಸಮಯ, ತಿಂಗಳ ಬದಲಾವಣೆ, ಹಾಜರಿಯ ತಾರೀಕು ಎಲ್ಲ ಇತ್ತು, ಕ್ಯಾಬ್ ಮಾತ್ರ ಇರಲಿಲ್ಲ. ಮತ್ತೆ ಬರೆದೆ. ಚಿಕ್ಕಮ್ಮನ ಮನೆ ವಿಳಾಸಕ್ಕೆ ಪಿಕಪ್, ಡ್ರಾಪ್ ಎರಡೂ ಉಂಟು ಎಂಬ ಸಾಲು ಬಂದ ಮೇಲೆಯೇ ಆಫರ್‌ಗೆ ಸಹಿ ಹಾಕಿದೆ.